ಟೈಲ್ಸ್ ಸಂದಿನ ಕಂದು ಕಲೆ, ಮೂಲೆಯ ಬಿರುಕು

ಕೆಳಗಿನ ಮನೆಯ ಮಾಮಿ ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೋಗಿ ತಮ್ಮ ಬಚ್ಚಲುಮನೆಯ ಸೂರು ತೋರಿಸಿದರು. ಊಟದ ತಟ್ಟೆಯಷ್ಟು ಅಗಲದ ಹಳದಿ ಕಲೆ, ಅದರ ನಡುವೆ ಬಣ್ಣ ಉಬ್ಬಿ ಸಿಪ್ಪೆ ಏಳುತ್ತಿತ್ತು. ಅವರು ಜಗಳ ಆಡಲಿಲ್ಲ. "ನಿಮ್ಮ ಬಚ್ಚಲಿನ ಟೈಲ್ಸ್ ಬಿಟ್ಟುಕೊಂಡಿರಬೇಕು, ನೋಡಿ ಸರಿ ಮಾಡಿಸಿ" ಎಂದಷ್ಟೇ ಹೇಳಿದರು. ಅದೇ ವಾರ ಬಂದ ಗುತ್ತಿಗೆದಾರರೊಬ್ಬರು ಇಡೀ ಬಚ್ಚಲನ್ನು ಒಡೆದು ಹೊಸದಾಗಿ ಮಾಡಬೇಕು ಎಂದು ಹೇಳಿ ಕೇಳಿದ ಮೊತ್ತ ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು.

ಚೆನ್ನೈನ ವೇಳಚ್ಚೇರಿಯಲ್ಲಿ ನಮ್ಮದು ಎರಡನೇ ಮಹಡಿಯ ಹಳೆಯ ಫ್ಲ್ಯಾಟು. ಬಚ್ಚಲು ಏಳು ಅಡಿಗೆ ಐದು ಅಡಿ. ನೆಲಕ್ಕೆ ಅಡಿಗೊಂದು ಅಡಿಯ ಬಿಳಿ ಟೈಲ್ಸ್, ನಡುವೆ ಮೂರು ಮಿಲಿಮೀಟರ್ ಸಂದು. ಕೊಂಡಾಗ ಸಂದುಗಳೂ ಬೆಳ್ಳಗಿದ್ದವು. ವರ್ಷ ತುಂಬುವುದರೊಳಗೆ ಬೀಡಿಯ ಹೊಗೆ ಹತ್ತಿದ ಹಲ್ಲಿನಂತೆ ಕಂದಾದವು. ಆಮೇಲೆ ನಾನು ಮಾಡಿದ್ದೆಲ್ಲ ತಪ್ಪು, ಮತ್ತು ಹೆಚ್ಚಿನ ಮನೆಗಳಲ್ಲಿ ಮಾಡುವುದೂ ಅದನ್ನೇ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲ ತಪ್ಪು ಆ್ಯಸಿಡ್. ಕಮೋಡ್ ತೊಳೆಯುವ ನೀಲಿ ದ್ರವವನ್ನು ಸಂದುಗಳ ಮೇಲೆ ಸುರಿದು ಹತ್ತು ನಿಮಿಷ ಬಿಟ್ಟು ಬ್ರಶ್‌ನಿಂದ ಉಜ್ಜಿದೆ. ಹೊಸದರಂತೆ ಬೆಳ್ಳಗಾಯಿತು. ಮೂರು ವಾರದಲ್ಲಿ ಮತ್ತೆ ಕಂದು, ಈ ಸಲ ಇನ್ನೂ ಗಾಢ. ಮತ್ತೆ ಉಜ್ಜಿದೆ. ಮುಂದಿನ ಸಲ ಕಲೆ ಎರಡೇ ವಾರದಲ್ಲಿ ಬಂತು.

ಕಾರಣ ಸರಳ. ಸಂದಿನಲ್ಲಿದ್ದದ್ದು ಸಿಮೆಂಟು. ಸಿಮೆಂಟಿನ ಗುಣ ಸುಣ್ಣದ್ದೇ, ಆ್ಯಸಿಡ್ ಬಿದ್ದರೆ ಕರಗುತ್ತದೆ. ಆ ನೀಲಿ ದ್ರವದಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಪಿಂಗಾಣಿಗೆ ಅದರಿಂದ ತೊಂದರೆ ಇಲ್ಲ, ಸಂದಿನ ಸಿಮೆಂಟಿಗೆ ಇದೆ. ನಾನು ತೆಗೆದದ್ದು ಕಲೆಯನ್ನಲ್ಲ, ಕಲೆ ಹಿಡಿದ ಮೇಲ್ಪದರವನ್ನು. ಪ್ರತಿ ಸಲ ಉಜ್ಜಿದಾಗಲೂ ಸಂದು ಸ್ವಲ್ಪ ಆಳವಾಯಿತು, ಸ್ವಲ್ಪ ಒರಟಾಯಿತು. ಒರಟಾದದ್ದು ಹೆಚ್ಚು ನೀರು ಹಿಡಿಯಿತು.

ಇನ್ನು ಕಂದು ಬಣ್ಣ ಎಲ್ಲಿಂದ ಬಂತು ಎನ್ನುವುದು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಡುಗೆಗೆ ಮೆಟ್ರೋ ವಾಟರ್, ಸ್ನಾನಕ್ಕೆ ಬೋರಿನ ನೀರು. ಬೋರಿನ ನೀರು ನಲ್ಲಿಯಿಂದ ಬರುವಾಗ ತಿಳಿಯಾಗಿರುತ್ತದೆ. ಒಂದು ಬಿಳಿ ಬಕೆಟ್ಟಿನಲ್ಲಿ ಹಿಡಿದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೀರಿಗೆ ಹಳದಿ ಛಾಯೆ, ತಳದಲ್ಲಿ ತುಕ್ಕಿನ ಬಣ್ಣದ ಸಣ್ಣ ಪುಡಿ. ನೆಲದಡಿ ನೀರಿನಲ್ಲಿ ಕರಗಿದ್ದ ಕಬ್ಬಿಣಕ್ಕೆ ಗಾಳಿ ತಾಗಿದಾಗ ಅದು ತುಕ್ಕಾಗಿ ಬೇರೆಯಾಗುತ್ತದೆ. ಬಕೆಟ್ಟಿನಲ್ಲಿ ರಾತ್ರಿಯೆಲ್ಲ ನಡೆಯುವುದು ಸಿಮೆಂಟಿನ ಸಂದಿನಲ್ಲಿ ಇನ್ನೂ ಬೇಗ ನಡೆಯುತ್ತದೆ, ಏಕೆಂದರೆ ಕ್ಷಾರದ ಸಂಗದಲ್ಲಿ ಕಬ್ಬಿಣ ಬೇಗ ತುಕ್ಕಾಗುತ್ತದೆ. ಸಂದು ನೀರು ಕುಡಿಯುತ್ತದೆ, ನೀರು ಆರಿಹೋಗುತ್ತದೆ, ಕಬ್ಬಿಣ ಉಳಿಯುತ್ತದೆ. ದಿನಕ್ಕೆ ನಾಲ್ಕು ಸ್ನಾನ, ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಲ.

ಎಲ್ಲ ಕಲೆಯೂ ಕಬ್ಬಿಣದ್ದಲ್ಲ. ಕಪ್ಪು ಚುಕ್ಕೆಗಳು ಸಾಮಾನ್ಯವಾಗಿ ಬೂಷ್ಟು. ಅದರ ಮೇಲೆ ಬ್ಲೀಚ್ ಹಾಕಿದರೆ ಬಣ್ಣ ಹೋಗುತ್ತದೆ. ಕಬ್ಬಿಣದ ಕಂದು ಬ್ಲೀಚಿಗೆ ಜಗ್ಗುವುದಿಲ್ಲ. ಬಿಳಿ ಹಿಟ್ಟಿನಂತೆ ಒಣಗಿ ನಿಂತದ್ದು ಸುಣ್ಣ, ಒಂದು ಹನಿ ನಿಂಬೆರಸ ಬಿಟ್ಟರೆ ನೊರೆ ಬರುತ್ತದೆ. ಕಲೆ ಯಾವುದೆಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಆದರೆ ಈ ಪರೀಕ್ಷೆಗಳನ್ನು ಬೇರೆ ಬೇರೆ ದಿನ, ನಡುವೆ ಚೆನ್ನಾಗಿ ತೊಳೆದು ಮಾಡಿ. ಬ್ಲೀಚಿಗೆ ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿ ಚಿಕ್ಕದಾದ ಬಚ್ಚಲಿನಲ್ಲಿ ಅದು ಆಸ್ಪತ್ರೆಗೆ ಕಳಿಸುವ ವಿಷ.

ಎರಡನೇ ತಪ್ಪು ವೈಟ್ ಸಿಮೆಂಟ್. ಸಂದುಗಳು ಹಳ್ಳ ಬಿದ್ದಿದ್ದವಲ್ಲ, ಪರಿಚಯದವರೊಬ್ಬರು ಬಂದು ವೈಟ್ ಸಿಮೆಂಟನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಹಳೆಯದರ ಮೇಲೆಯೇ ಬಟ್ಟೆಯಿಂದ ಒರೆಸಿ ತುಂಬಿದರು. ಒಂದೇ ಗಂಟೆಯ ಕೆಲಸ. ನಾಲ್ಕು ತಿಂಗಳಿಗೆ ಕೂದಲೆಳೆಯಂಥ ಬಿರುಕುಗಳು ಎಲ್ಲೆಡೆ. ಗೋಡೆ ನೆಲ ಸೇರುವ ಮೂಲೆಯಲ್ಲಂತೂ ಉದ್ದಕ್ಕೂ ಒಂದು ಗೆರೆ ಬಾಯಿ ಬಿಟ್ಟಿತ್ತು.

ಮಾಮಿಯ ಸೂರು ನೋಡಿದ ಮೇಲೆ ನಾನು ಬೇರೊಬ್ಬರನ್ನು ಹುಡುಕಿದೆ. ಬಂದವರು ಹೊಸೂರಿನ ಕಡೆಯ ಮೇಸ್ತ್ರಿ, ಮನೆಮಾತು ತೆಲುಗು, ಕನ್ನಡ ಚೆನ್ನಾಗಿ ಬರುತ್ತಿತ್ತು. ಅವರು ಚೀಲದಿಂದ ಸಾಮಾನು ತೆಗೆಯಲಿಲ್ಲ. ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು ನೆಲದ ಒಂದೊಂದು ಟೈಲ್ಸನ್ನೂ ಕುಟ್ಟುತ್ತ ಹೋದರು.

"ಸಾರ್, ಬಿರುಕು ಎಲ್ಲಿದೆ ಅಂತ ಮೊದಲು ನೋಡಬೇಕು. ಎಲ್ಲಾ ಕಡೆ ಸಣ್ಣದಾಗಿದ್ರೆ ಕಲಸಿದವನ ತಪ್ಪು. ಒಂದೆರಡು ಟೈಲ್ಸ್ ಸುತ್ತ ಮಾತ್ರ ಇದ್ರೆ ಹಾಕಿದವನ ತಪ್ಪು. ಮೂಲೆಲಿ ಇದ್ರೆ ಯಾರ ತಪ್ಪೂ ಅಲ್ಲ, ಅಲ್ಲಿ ಸಿಮೆಂಟ್ ನಿಲ್ಲೋದೇ ಇಲ್ಲ."

ಈ ಮೂರು ವಾಕ್ಯಗಳನ್ನು ಬಿಡಿಸಿದರೆ ವಿಷಯದ ಮುಕ್ಕಾಲು ಪಾಲು ಅಲ್ಲೇ ಇದೆ. ಸಿಮೆಂಟು ಗಟ್ಟಿಯಾಗಲು ಸ್ವಲ್ಪ ನೀರು ಸಾಕು. ಹೆಚ್ಚಿನ ನೀರು ಆರಿಹೋದಾಗ ಅದು ಕುಗ್ಗುತ್ತದೆ, ಒಳಗೆ ಸಣ್ಣ ರಂಧ್ರಗಳು ಉಳಿಯುತ್ತವೆ. ಕುಗ್ಗಿದ್ದಕ್ಕೆ ಬಿರುಕು, ರಂಧ್ರಕ್ಕೆ ಕಲೆ. ಬರೀ ವೈಟ್ ಸಿಮೆಂಟಿನಲ್ಲಿ ಕುಗ್ಗುವುದನ್ನು ತಡೆಯಲು ನುಣ್ಣನೆಯ ಮರಳೂ ಇಲ್ಲ, ಪಾಲಿಮರೂ ಇಲ್ಲ. ಅಂಗಡಿಯ ಪಾಲಿಮರ್ ಸೇರಿಸಿದ ಸಿಮೆಂಟ್ ಗ್ರೌಟ್‌ನಲ್ಲಿ ಇವೆರಡೂ ಇರುತ್ತವೆ. ಅದಕ್ಕೂ ಕೆಜಿಗೆ ಸುಮಾರು 250ರಿಂದ 350 ಮಿಲಿ ನೀರು ಸಾಕು. ಕೈಗೆ ಸುಲಭವಾಗಲೆಂದು ಇನ್ನೊಂದು ಲೋಟ ಸುರಿದರೆ ಅದೂ ವೈಟ್ ಸಿಮೆಂಟಿನ ಹಾದಿಯನ್ನೇ ಹಿಡಿಯುತ್ತದೆ.

ನೀರು ಹೋಗುವ ಜಾಲರಿಯ ಹತ್ತಿರ ಎರಡು ಟೈಲ್ಸ್ ನಾಣ್ಯಕ್ಕೆ ಡೊಳ್ಳಿನಂತೆ ಉತ್ತರಿಸಿದವು. ಅಡಿಯಲ್ಲಿ ಗಾರೆ ಪೂರ್ತಿ ಹರಡದೆ ನಾಲ್ಕು ಮುದ್ದೆ ಇಟ್ಟು ಕೂರಿಸಿದ್ದರು. ಕಾಲಿಟ್ಟಾಗ ಅಂಥ ಟೈಲ್ಸ್ ಕಣ್ಣಿಗೆ ಕಾಣದಷ್ಟು ಕುಣಿಯುತ್ತದೆ. ಅದರ ಸುತ್ತ ಯಾವ ಗ್ರೌಟ್ ತುಂಬಿದರೂ ಸೀಳುತ್ತದೆ. ಅದನ್ನು ಎಬ್ಬಿಸಿ ಮತ್ತೆ ಕೂರಿಸುವುದೊಂದೇ ದಾರಿ. ಮೂಲೆಯಲ್ಲಿ ಗೋಡೆ ಒಂದು ಕಡೆ, ನೆಲದ ಸ್ಲ್ಯಾಬ್ ಒಂದು ಕಡೆ ಬಿಸಿಲಿಗೂ ಭಾರಕ್ಕೂ ಬೇರೆ ಬೇರೆಯಾಗಿ ಮಿಸುಕುತ್ತವೆ. ಅಲ್ಲಿ ಬೇಕಾದದ್ದು ಹಿಗ್ಗಿ ಕುಗ್ಗುವ ಸಿಲಿಕಾನ್ ಸೀಲೆಂಟ್, ಅದರಲ್ಲೂ ಬೂಷ್ಟು ತಡೆಯುವ ಬಗೆಯದು. ಸಿಮೆಂಟೂ ಅಲ್ಲ, ಎಪಾಕ್ಸಿಯೂ ಅಲ್ಲ.

"ಹಾಗಾದ್ರೆ ಸಂದಿಗೆಲ್ಲ ಎಪಾಕ್ಸಿ ಹಾಕಿದ್ರೆ ಕೆಳಗಡೆ ಸೋರೋದು ನಿಲ್ಲುತ್ತಾ ಮೇಸ್ತ್ರಿ?" ಎಂದು ಕೇಳಿದೆ.

"ಗ್ರೌಟ್ ಇರೋದು ಸಂದು ತುಂಬೋಕೆ ಸಾರ್, ಸೋರೋದು ನಿಲ್ಲಿಸೋಕಲ್ಲ. ಸೋರೋದು ಎಲ್ಲಿಂದ ಅಂತ ಮೊದಲು ಹಿಡೀಬೇಕು."

ಹಿಡಿದ ಬಗೆ ಹೀಗೆ. ನಾಲ್ಕು ದಿನ ಆ ಬಚ್ಚಲಿಗೆ ನೀರು ಹಾಕಲಿಲ್ಲ. ಮಾಮಿಯ ಸೂರಿನ ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದೆವು. ಆಮೇಲೆ ಜಾಲರಿಯ ಬಾಯಿಗೆ ಬಟ್ಟೆ ತುರುಕಿ, ಬಾಗಿಲ ಹೊಸ್ತಿಲಿಗೆ ಗಾರೆಯ ಸಣ್ಣ ಕಟ್ಟೆ ಕಟ್ಟಿ, ನೆಲದ ಮೇಲೆ ಒಂದು ಅಂಗುಲ ನೀರು ನಿಲ್ಲಿಸಿದೆವು. ಇಪ್ಪತ್ತನಾಲ್ಕು ಗಂಟೆ ಕಳೆದರೂ ಪೆನ್ಸಿಲ್ ಗೆರೆಯ ಆಚೆ ತೇವ ಬರಲಿಲ್ಲ. ಸಂದುಗಳೆಲ್ಲ ಬಿರುಕು ಬಿಟ್ಟಿದ್ದರೂ ಅವುಗಳ ಕೆಳಗಿನ ವಾಟರ್‌ಪ್ರೂಫಿಂಗ್ ಕೆಲಸ ಮಾಡುತ್ತಿತ್ತು. ಮರುದಿನ ಬಟ್ಟೆ ಎಳೆದು ಅದೇ ನೀರನ್ನು ಜಾಲರಿಯಲ್ಲಿ ಇಳಿಸಿದೆವು. ಸಂಜೆಗೆ ಮಾಮಿ ಕರೆದರು, ಗೆರೆಯ ಹೊರಗೆ ಎರಡು ಬೆರಳಿನಷ್ಟು ಹೊಸ ತೇವ.

ಸೋರಿಕೆ ಇದ್ದದ್ದು ನಹಾನಿ ಟ್ರ್ಯಾಪ್ ಪೈಪಿಗೆ ಸೇರುವ ಕಡೆ. ಇಡೀ ಬಚ್ಚಲನ್ನು ಒಡೆಯಲಿಲ್ಲ. ಜಾಲರಿಯ ಸುತ್ತಿನ ನಾಲ್ಕು ಟೈಲ್ಸ್ ಎಬ್ಬಿಸಿದೆವು, ಡೊಳ್ಳು ಹೊಡೆಯುತ್ತಿದ್ದ ಎರಡೂ ಅವುಗಳಲ್ಲೇ ಇದ್ದವು. ಜೋಡಣೆ ಸರಿಮಾಡಿ, ಅಲ್ಲಿ ವಾಟರ್‌ಪ್ರೂಫಿಂಗ್ ಮತ್ತೆ ಬಳಿದು, ಅಂಟನ್ನು ಅಡಿತುಂಬ ಹರಡಿ ಹೊಸ ಟೈಲ್ಸ್ ಕೂರಿಸಿದರು. ನಾನು ಎರಡು ವರ್ಷ ಸಂದುಗಳಿಗೆ ಸುರಿದ ದುಡ್ಡಿಗೂ ಮಾಮಿಯ ಸೂರಿಗೂ ಸಂಬಂಧವೇ ಇರಲಿಲ್ಲ.

ಗ್ರೌಟ್ ಆಯ್ಕೆಯ ಮಾತು ಬಂದದ್ದು ಆಮೇಲೆ. ಕಬ್ಬಿಣದ ನೀರು ಬದಲಾಗುವುದಿಲ್ಲ, ಹಾಗಾಗಿ ನೆಲಕ್ಕೆ ನೀರು ಕುಡಿಯದ ಎಪಾಕ್ಸಿ. ಗೋಡೆಯ ಸಂದುಗಳಲ್ಲಿ ನೀರು ನಿಲ್ಲುವುದಿಲ್ಲ, ಅವು ಅಷ್ಟು ಕೆಟ್ಟಿರಲೂ ಇಲ್ಲ, ಅಲ್ಲಿ ಪಾಲಿಮರ್ ಸಿಮೆಂಟ್ ಗ್ರೌಟ್ ಸಾಕೆಂದುಕೊಂಡೆವು. ಬಣ್ಣ ಬಿಳಿ ಬೇಡ, ತಿಳಿ ಬೂದು. ಎಪಾಕ್ಸಿಯ ಬೆಲೆ ಸಿಮೆಂಟ್ ಗ್ರೌಟಿನ ಹಲವು ಪಟ್ಟು, ಆದರೆ ಬೇಕಾದದ್ದು ಎಷ್ಟು? ನೆಲ ಮೂವತ್ತೈದು ಚದರಡಿ, ಟೈಲ್ಸಿನ ದಪ್ಪ ಎಂಟು ಮಿಲಿಮೀಟರ್, ಸಂದು ಮೂರು. ಲೆಕ್ಕ ಹಾಕಿದರೆ ಒಂದು ಕೆಜಿಯೊಳಗೆ ಮುಗಿಯುತ್ತದೆ. ಒಂದು ಕೆಜಿಯ ಎರಡು ಪ್ಯಾಕ್ ತಂದು ಒಂದನ್ನು ಅಂಗಡಿಗೆ ವಾಪಸ್ ಮಾಡಿದೆ.

ದುಬಾರಿಯಾದದ್ದು ಕೂಲಿ. ಹಳೆಯದನ್ನು ಐದು ಮಿಲಿಮೀಟರಿನಷ್ಟು ಆಳ ಕೆರೆದು ತೆಗೆಯಲು ಒಂದೂವರೆ ದಿನ ಹಿಡಿಯಿತು. ಮೇಲೆಮೇಲೆ ಬಳಿದರೆ ಏನೂ ನಿಲ್ಲುವುದಿಲ್ಲ, ವೈಟ್ ಸಿಮೆಂಟಿನ ಪಾಠ ಅದೇ. ಆಮೇಲೆ ಒಂದು ವಾರ ಫ್ಯಾನ್ ಹಾಕಿ ಒಣಗಿಸಿದೆವು. ಒಣಗಿದೆಯೋ ಇಲ್ಲವೋ ನೋಡಲು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ ರಾತ್ರಿ ಬಿಟ್ಟೆವು. ಮೊದಲ ಸಲ ಹಾಳೆಯ ಒಳಗೆ ಹನಿ ಕಟ್ಟಿತ್ತು, ಇನ್ನೂ ಮೂರು ದಿನ ಕಾದೆವು. ಒದ್ದೆ ಸಂದಿಗೆ ಎಪಾಕ್ಸಿ ಅಂಟುವುದಿಲ್ಲ.

ಕಲಸುವಾಗ ರೆಸಿನ್, ಹಾರ್ಡ್‌ನರ್, ಪುಡಿ ಮೂರನ್ನೂ ಪ್ಯಾಕಿನಲ್ಲಿ ಕೊಟ್ಟಷ್ಟೂ ಸುರಿಯಬೇಕು. ಅರ್ಧರ್ಧ ಅಂದಾಜಿನಲ್ಲಿ ತೆಗೆದರೆ ಕೆಲವು ಸಂದು ಎಂದೂ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಚೆನ್ನೈನ ಸೆಕೆಯಲ್ಲಿ ಅದು ಬೇಗ ಬಿಗಿಯುತ್ತದೆಂದು ಮೇಸ್ತ್ರಿ ಬೆಳಿಗ್ಗೆ ಆರೂವರೆಗೇ ಬಂದರು. ಒಬ್ಬರು ತುಂಬುತ್ತ ಹೋದಂತೆ ಇನ್ನೊಬ್ಬರು ಹಿಂದೆಯೇ ಒದ್ದೆ ಸ್ಪಂಜಿನಿಂದ ಟೈಲ್ಸ್ ಒರೆಸಿದರು. ಮೇಲೆ ಉಳಿದ ಪೊರೆ ಒಣಗಿದರೆ ಆಮೇಲೆ ಬಿಡಿಸುವುದು ಬಹಳ ಕಷ್ಟ. ಒಂದು ದಿನ ನೀರು ಸೋಕಿಸಲಿಲ್ಲ, ವಾರದ ತನಕ ಸೋಪಿನ ಪುಡಿ ಹಾಕಿ ಉಜ್ಜಲಿಲ್ಲ.

ಈಗ ಹದಿನಾಲ್ಕು ತಿಂಗಳಾಯಿತು. ಎಪಾಕ್ಸಿಯ ಮೇಲೂ ಕಬ್ಬಿಣ ಕೂರುತ್ತದೆ, ಮೂಲೆಯ ಸಂದುಗಳು ತಿಂಗಳಿಗೊಮ್ಮೆ ಸ್ವಲ್ಪ ಹಳದಿಯಾಗುತ್ತವೆ. ಆದರೆ ಒಳಗೆ ಇಳಿದಿಲ್ಲ, ಪಾತ್ರೆ ತೊಳೆಯುವ ಸೋಪು ಹಾಕಿ ನೈಲಾನ್ ಬ್ರಶ್‌ನಿಂದ ತಿಕ್ಕಿದರೆ ಹೋಗುತ್ತದೆ. ಮೂಲೆಯ ಸಿಲಿಕಾನ್ ಒಂದು ಕಡೆ ಅಂಚು ಬಿಡಲು ಶುರುವಾಗಿದೆ, ಕೆಲವು ವರ್ಷಕ್ಕೊಮ್ಮೆ ಕಿತ್ತು ಹೊಸದು ಹಾಕಬೇಕಾದ ವಸ್ತು ಅದು. ಮಾಮಿಯ ಸೂರಿಗೆ ಬಣ್ಣ ಬಳಿಸುವಾಗ ಆ ಪೆನ್ಸಿಲ್ ಗೆರೆಯನ್ನು ಹಾಗೇ ಬಿಡಿ ಎಂದು ಕೇಳಿಕೊಂಡೆ. ಅವರು ನಕ್ಕು ಒಪ್ಪಿದರು. ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತೇನೆ, ಹೋದಾಗಲೆಲ್ಲ ಕಾಫಿ ಸಿಗುತ್ತದೆ.