ಅತ್ತಿಗೆಯ ಫಿಲ್ಟರು ಯಾಕೆ ಇಳೀತಿರಲಿಲ್ಲ

ರಾಣೆಬೆನ್ನೂರಿನ ನಮ್ಮ ಮನೆ ಮೊದಲಿನಿಂದಲೂ ಚಹಾದ ಮನೆ. ಕಾಫಿ ಬಂದದ್ದು ಸಕಲೇಶಪುರದ ಅತ್ತಿಗೆಯ ಜೊತೆ, ಅವರಮ್ಮ ಬಳಸುತ್ತಿದ್ದ ಸ್ಟೀಲ್ ಫಿಲ್ಟರಿನಲ್ಲಿ. ಅಲ್ಲಿ 20 ನಿಮಿಷಕ್ಕೆ ಇಳಿಯುತ್ತಿದ್ದ ಡಿಕಾಕ್ಷನ್ ಇಲ್ಲಿ ತಾಸಾದರೂ ಮೇಲೇ ಕೂತಿರುತ್ತಿತ್ತು. ಅಣ್ಣ ಏಳೂವರೆಗೆ ಬಸ್ಸಿಗೆ ಹೊರಡಬೇಕು. "ಅದನ್ನ ಅಟ್ಟದ ಮ್ಯಾಲೆ ಇಡವಾ, ಚಾ ಮಾಡಿದ್ರಾತು" ಅಂದಳು ಅವ್ವ. ಅತ್ತಿಗೆ ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಎಂಜಿನಿಯರಿಂಗ್ ಓದ್ತೀಯಲ್ಲ, ನೋಡು" ಅಂದರು.

ನನಗೆ ಮೊದಲು ಅನುಮಾನ ಬಂದದ್ದು ಗಾಳಿಯ ಮೇಲೆ. ಮೇಲಿನ ಪಾತ್ರೆ ಕೆಳಗಿನದರ ಬಾಯಿಗೆ ಬಿಗಿಯಾಗಿ ಕೂತರೆ ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ. 5 ಸೆಂ.ಮೀ. ನೀರಿನ ಒತ್ತಡ ಅಂದರೆ ವಾತಾವರಣದ ಒತ್ತಡದ ಸುಮಾರು ಅರ್ಧ ಪರ್ಸೆಂಟ್ ಅಷ್ಟೇ. ಕೆಳಗೆ 300 ಮಿ.ಲೀ. ಗಾಳಿ ಸಿಕ್ಕಿಬಿದ್ದಿದ್ದರೆ ಒಂದೂವರೆ ಮಿ.ಲೀ. ಹನಿ ಬೀಳುವಷ್ಟರಲ್ಲೇ ಲೆಕ್ಕ ಸರಿಹೋಗಿ ಹನಿ ನಿಲ್ಲುತ್ತದೆ. ಪಾತ್ರೆಯ ಬಿಸಿಗೆ ಗಾಳಿ ಹಿಗ್ಗಿದರಂತೂ ಇನ್ನೂ ಬೇಗ. ಪರೀಕ್ಷೆ ಸುಲಭ: ಮೇಲಿನ ಪಾತ್ರೆಯನ್ನು ಸ್ವಲ್ಪ ಎತ್ತಿ ಓರೆಯಾಗಿ ಇಡಿ. ಗಾಳಿಯದೇ ಕಾಟವಾಗಿದ್ದರೆ ಹನಿ ಕೂಡಲೇ ಶುರುವಾಗುತ್ತದೆ. ನಮ್ಮದು ಶುರುವಾಗಲಿಲ್ಲ.

ಎರಡನೆಯ ಅನುಮಾನ ತೂತುಗಳ ಮೇಲೆ. ನಮ್ಮ ಬೋರಿನ ನೀರು ಗಡಸು, ಕೊಡದ ತಳದಲ್ಲೆಲ್ಲ ಬಿಳಿ ಪದರ. ಪುಡಿ ಹಾಕದೆ ಖಾಲಿ ಪಾತ್ರೆಗೆ ನೀರು ಸುರಿದು ನೋಡಿದೆ, ಸರಸರ ಇಳಿಯಿತು. (ಇಳಿಯದಿದ್ದರೆ ಬೆಳಕಿಗೆ ಹಿಡಿದು ನೋಡಿ. ಬಿಳಿ ಪದರವಿದ್ದರೆ ನಿಂಬೆರಸದ ಬಿಸಿನೀರಲ್ಲಿ ನೆನೆಹಾಕಿ. ಹಳೇ ಪುಡಿ ಕಚ್ಚಿಕೊಂಡಿದ್ದರೆ ಸೂಜಿ ಸಾಕು.)

ಉಳಿದದ್ದು ಪುಡಿ. ಅತ್ತಿಗೆ ತಂದ ಡಬ್ಬಿ ಖಾಲಿಯಾಗಿ, ಇಲ್ಲೇ ಒಂದು ಅಂಗಡಿಯಲ್ಲಿ ಬೀಸಿಸಿಕೊಂಡು ಬಂದಿದ್ದರು. ಬೆರಳಲ್ಲಿ ತಿಕ್ಕಿದರೆ ಮೈದಾ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತಿತ್ತು. ಚಿರೋಟಿ ರವೆಯ ಹಾಗೆ ತರಿ ತಾಕಬೇಕಿತ್ತು. ಫ್ಲುಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಇದು ಗೊತ್ತಿರುವುದೇ: ಕಣದ ಗಾತ್ರ ಅರ್ಧವಾದರೆ ನೀರು ದಾಟುವ ವೇಗ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ, 20 ನಿಮಿಷದ್ದು 80 ನಿಮಿಷ ಹಿಡಿಯುತ್ತದೆ. ಸಾಲದ್ದಕ್ಕೆ ಈ ಪುಡಿಯಲ್ಲಿ ಚಿಕೋರಿಯೂ ಜಾಸ್ತಿ. ಅದು ನೀರು ಕುಡಿದು ಉಬ್ಬಿ, ಡಿಕಾಕ್ಷನ್ನನ್ನೂ ಮಂದ ಮಾಡುತ್ತದೆ. ಅದರ ಮೇಲೆ ಅತ್ತಿಗೆ ಊರಿನ ರೂಢಿಯಂತೆ ಕೊಡೆಯಂಥ ಬಿಲ್ಲೆಯಿಂದ ಒತ್ತುತ್ತಿದ್ದರು. ತರಿ ಪುಡಿಗೆ ಅದು ಬೇಕು, ಇಲ್ಲದಿದ್ದರೆ ನೀರು ಬಣ್ಣ ಹಿಡಿಯದೆ ಓಡಿಬಿಡುತ್ತದೆ. ಹಿಟ್ಟಿನಂಥ ಪುಡಿಯನ್ನು ಒತ್ತಿದರೆ ಗೋಡೆಗೆ ಗಾರೆ ಬಳಿದ ಹಾಗೆ.

ಪೊಟ್ಟಣ ಚೆಲ್ಲಲಿಲ್ಲ. ಮೂರು ಚಮಚದ ಬದಲು ಎರಡೇ ಹಾಕಿ, ಒತ್ತದೆ ಬರೀ ಸಮ ಮಾಡಿ, ಬಿಲ್ಲೆಯನ್ನು ಹಗುರಾಗಿ ಇಟ್ಟು 100 ಮಿ.ಲೀ. ಕುದಿನೀರನ್ನು ಅದರ ಮೇಲೆ ನಿಧಾನಕ್ಕೆ ಸುರಿದೆವು. 35 ನಿಮಿಷಕ್ಕೆ ಇಳಿಯಿತು. ಅತ್ತಿಗೆ ಈಗ ಆರೂವರೆಗೇ ಫಿಲ್ಟರ್ ಹಾಕುತ್ತಾರೆ. ಮುಂದಿನ ಸಲ ಅಂಗಡಿಯವನಿಗೆ "ಹಿಟ್ಟು ಬ್ಯಾಡ್ರಿ, ಸಣ್ಣ ರವಾದಂಗ ಬೀಸ್ರಿ" ಅಂತ ಹೇಳೋ ಕೆಲಸ ನನ್ನದು.