ದೇವರಿಗೆ ಕೈಕಾಲು

ಬಹಳ ಕಾಲ ಮಕ್ಕಳಿಲ್ಲದ ಮನೆಯಲ್ಲಿ ಮಗು ಹುಟ್ಟಿದರೆ "ಅಂತೂ ದೇವರು ಕಣ್ಣು ಬಿಟ್ಟ" ಅನ್ನುತ್ತೇವೆ. ಹಾಗಾದರೆ ಇಷ್ಟು ದಿನ ಕಣ್ಣು ಮುಚ್ಚಿಕೊಂಡಿದ್ದನೇ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಬಾಣಂತಿಯ ತಾಯಿಯಿಂದ ಬೈಸಿಕೊಳ್ಳಬೇಕಾದೀತು. ಅದು ಮಾತಿನ ವರಸೆ, ಎಲ್ಲರಿಗೂ ಗೊತ್ತು. ಆದರೆ ಆಪರೇಷನ್ ಥಿಯೇಟರಿನ ಹೊರಗೆ ನಿಂತವರು "ಕೈ ಬಿಡಬೇಡಪ್ಪಾ" ಅಂದಾಗ ಅದೂ ವರಸೆಯೇ ಅನ್ನಲು ನನಗೆ ನಾಲಿಗೆ ಹೊರಳುವುದಿಲ್ಲ.

ಈ ಕೈಯ ತಕರಾರು ಹಳೆಯದು. ಗೀತೆಯ 13ನೇ ಅಧ್ಯಾಯದಲ್ಲಿ ಬ್ರಹ್ಮವನ್ನು ಸತ್ ಎಂದೂ ಅನ್ನಲಾಗದು, ಅಸತ್ ಎಂದೂ ಅನ್ನಲಾಗದು ಎಂಬ ಮಾತು ಬರುತ್ತದೆ. ಮರುಶ್ಲೋಕದಲ್ಲೇ ಅದಕ್ಕೆ ಎಲ್ಲೆಲ್ಲೂ ಕೈಕಾಲು, ಕಣ್ಣು, ತಲೆ, ಬಾಯಿ. ಅದರ ಮುಂದಿನ ಶ್ಲೋಕಕ್ಕೆ ಬಂದರೆ ಇಂದ್ರಿಯಗಳೇ ಇಲ್ಲ! ಕೊಟ್ಟ ಕೈಯನ್ನು ಎರಡೇ ಹೆಜ್ಜೆಯಲ್ಲಿ ಕಸಿದುಕೊಂಡ ಹಾಗಾಯಿತು.

ಶಂಕರರ ಭಾಷ್ಯ ಇಲ್ಲಿ ವ್ಯಾಕರಣದ ಮೇಷ್ಟರಂತೆ ನಿಧಾನವಾಗಿ ನಡೆಯುತ್ತದೆ. ಮಾತು ಒಂದು ವಸ್ತುವನ್ನು ಮುಟ್ಟುವುದಕ್ಕೆ ನಾಲ್ಕು ದಾರಿಗಳಿವೆ ಅನ್ನುತ್ತಾರೆ ಅವರು. ಹಸು, ಕುದುರೆ ಅನ್ನುವಾಗ ಜಾತಿಯನ್ನು ಹಿಡಿಯುತ್ತೇವೆ. ಅಡುಗೆ ಮಾಡುತ್ತಾನೆ, ಓದುತ್ತಾನೆ ಅನ್ನುವಾಗ ಕ್ರಿಯೆಯನ್ನು. ಬಿಳಿ, ಕಪ್ಪು ಅನ್ನುವಾಗ ಗುಣವನ್ನು. ಹಣವಂತ, ಹಸುವುಳ್ಳವ ಅನ್ನುವಾಗ ಸಂಬಂಧವನ್ನು. ಬ್ರಹ್ಮ ಒಂದೇ ಆದ್ದರಿಂದ ಅದಕ್ಕೆ ಜಾತಿಯಿಲ್ಲ. ಕ್ರಿಯೆ, ಗುಣ, ಸಂಬಂಧಗಳೂ ಇಲ್ಲ. ನಾಲ್ಕು ಬಾಗಿಲೂ ಮುಚ್ಚಿದವು. ಹಾಗೆಂದು ಸುಮ್ಮನಿದ್ದರೆ ಕೇಳುವವನು "ಅಂಥದ್ದು ಇಲ್ಲವೇ ಇಲ್ಲ" ಅಂದುಕೊಂಡುಬಿಟ್ಟಾನು. ಅದಕ್ಕಾಗಿ ಮೊದಲು ಕೈಕಾಲುಗಳನ್ನು ಆರೋಪಿಸಿ "ಇದೆ" ಎಂದು ತೋರಿಸುವುದು, ಆಮೇಲೆ ಆರೋಪವನ್ನು ತೆಗೆಯುವುದು. ಇದೇ ಅಧ್ಯಾರೋಪ, ಅಪವಾದ. ತೈತ್ತಿರೀಯದಲ್ಲಿ ಬ್ರಹ್ಮವನ್ನು ಜ್ಞಾನ ಎಂದು ಕರೆದಾಗಲೂ ಅವರದು ಇದೇ ಎಚ್ಚರಿಕೆ: ಜ್ಞಾನವೆಂದರೆ ನಮಗೆ ಗೊತ್ತಿರುವುದು ಬುದ್ಧಿಯಲ್ಲಿ ಏಳುವ ವೃತ್ತಿ, ಆ ಪದ ಬ್ರಹ್ಮವನ್ನು ಸೂಚಿಸುತ್ತದೆ, ಹೇಳುವುದಿಲ್ಲ. ಗಂಗೆಯ ಮೇಲೊಂದು ಹಳ್ಳಿ ಅಂದರೆ ದಡದ ಮೇಲೆ ಎಂದು ತಿಳಿದುಕೊಳ್ಳುತ್ತೇವಲ್ಲ, ಅಂಥ ಲಕ್ಷಣಾವೃತ್ತಿಯನ್ನೇ ಅದ್ವೈತಿಗಳು ಇಂಥ ಕಡೆ ಹಿಡಿದರು.

ಉಡುಪಿಯ ಮಧ್ವರಿಗೆ ಇದು ಒಂದಿಷ್ಟೂ ರುಚಿಸಲಿಲ್ಲ. ಅವರ ಕಡೆಯವರ ಪ್ರಶ್ನೆ ಸರಳ: ನಾವು ಗಂಗೆಯಿಂದ ದಡಕ್ಕೆ ಹಾರಿದ್ದು ಸರಿ, ಆದರೆ ದಡಕ್ಕೆ ದಡ ಎಂಬ ಸ್ವಂತದ ಹೆಸರು ಇದೆಯಲ್ಲ? ಯಾವ ಶಬ್ದವೂ ನೇರವಾಗಿ ಹೇಳಲಾರದ ವಸ್ತುವಿಗೆ ಹಾರುವುದಾದರೂ ಎಲ್ಲಿಗೆ? ಈ ಪೆಟ್ಟು ಗಟ್ಟಿಯಾಗಿದೆ ಅನ್ನುವುದು ನನ್ನ ಅಭಿಪ್ರಾಯ. ವೇದಗಳು ಬ್ರಹ್ಮವನ್ನು ಅವಾಚ್ಯ ಎಂದಿವೆಯಲ್ಲ ಎಂದರೆ ಮಧ್ವರು ಮೇರುವಿನ ದೃಷ್ಟಾಂತವನ್ನು ತರುತ್ತಾರೆ. ಮೇರುವನ್ನು ನೋಡಿದವನೂ ಪೂರ್ತಿ ನೋಡಿರುವುದಿಲ್ಲ. ಹಾಗಂತ ಅದನ್ನು ನೋಡಿಯೇ ಇಲ್ಲ ಅನ್ನುವಂತಿಲ್ಲ. ಅವಾಚ್ಯವೆಂದರೆ ಹೇಳಿ ಮುಗಿಯದ್ದು, ಅಷ್ಟೆ. ಇಲ್ಲಿಗೇ ನಿಲ್ಲದೆ ಇನ್ನೂ ಮುಂದೆ ಹೋಗಿ, ಎಲ್ಲ ಶಬ್ದಗಳ ಪರಮ ಮುಖ್ಯಾರ್ಥ ವಿಷ್ಣುವೇ ಎಂದುಬಿಟ್ಟರು. ಆನಂದ ಎಂಬ ಮಾತಿಗೆ ಮೊದಲ ಹಕ್ಕುದಾರ ಅವನು. ನಮ್ಮ ಆನಂದಕ್ಕೆ ಆ ಹೆಸರು ಎರವಲು.

ಹೆಚ್ಚು ಕಡಿಮೆ ಅದೇ ಕಾಲದಲ್ಲಿ, 13ನೇ ಶತಮಾನದಲ್ಲಿ, ಇಟಲಿಯ ಥಾಮಸ್ ಅಕ್ವಿನಾಸ್ ಎಂಬ ಪಾದ್ರಿಯೂ ಈ ಗಂಟನ್ನು ಬಿಚ್ಚುತ್ತ ಕುಳಿತಿದ್ದ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿದ್ದಿರಲಾರದು. ಅವನ ಪ್ರಕಾರ "ಒಳ್ಳೆಯದು" ಎಂಬ ಮಾತು ದೇವರಿಗೂ ಮನುಷ್ಯನಿಗೂ ಒಂದೇ ಅರ್ಥದಲ್ಲಿ ಸಲ್ಲುವುದಿಲ್ಲ. ಪೂರಾ ಬೇರೆ ಅರ್ಥದಲ್ಲೂ ಅಲ್ಲ. ಆರೋಗ್ಯ ಇರುವುದು ದೇಹದಲ್ಲಿ, ಆದರೂ ಅದನ್ನು ತಂದುಕೊಡುವ ಮದ್ದನ್ನೂ ಆರೋಗ್ಯಕರ ಅನ್ನುತ್ತೇವೆ. ಹಾಗೆ ಒಂದು ಸಾದೃಶ್ಯದ ನಂಟು. ಒಳ್ಳೆಯತನ ಮೊದಲು ದೇವರದು, ಆಮೇಲೆ ನಮ್ಮದು ಎಂಬಲ್ಲಿ ಅವನು ಮಧ್ವರ ಪಕ್ಕಕ್ಕೇ ಬಂದು ನಿಲ್ಲುತ್ತಾನೆ. ಆದರೆ ದೇವರನ್ನು ಬಂಡೆ, ಸಿಂಹ ಎಂದು ಕರೆದರೆ ಅದು ಬರೀ ರೂಪಕ. ಕೈಕಾಲೂ ಆ ಪಟ್ಟಿಗೇ. ಅಲ್ಲಿ ಇಬ್ಬರ ದಾರಿ ಬೇರೆಯಾಗುತ್ತದೆ.

ಯಾಕೆಂದರೆ ಮಧ್ವಮತದಲ್ಲಿ ದೇವರಿಗೆ ಕೈ ಇದೆ, ನಿಜವಾಗಿಯೇ ಇದೆ. ಇಂದ್ರಿಯಗಳಿಲ್ಲ ಎಂಬ ಮಾತಿನ ಅರ್ಥ, ನಮ್ಮ ಹಾಗೆ ಪ್ರಕೃತಿಯಿಂದಾದ ಇಂದ್ರಿಯಗಳಿಲ್ಲ ಎಂದಷ್ಟೆ. ಅವನ ಕೈ ಜ್ಞಾನಾನಂದಮಯ. ಹಾಗಾದರೆ ಅದಕ್ಕೆ ಮೂಳೆಯಿಲ್ಲ, ಚರ್ಮವಿಲ್ಲ, ಉಗುರು ಬೆಳೆಯುವುದಿಲ್ಲ, ಮುಪ್ಪಿಲ್ಲ. ಇಷ್ಟೆಲ್ಲ ಕಳೆದ ಮೇಲೆ ಕೈ ಎಂಬಲ್ಲಿ ಉಳಿದದ್ದೇನು ಎಂದು ಅದ್ವೈತಿಯೊಬ್ಬ ಕೆಣಕಬಹುದು. ಹಿಡಿಯುವ, ಕೊಡುವ ಸಾಮರ್ಥ್ಯ ಎಂದು ಇವರೆಂದರೆ, ಅದನ್ನು ಶಕ್ತಿ ಎಂದೇ ಕರೆಯಿರಲ್ಲ, ಕೈ ಯಾಕೆ ಅಂತ ಅವನು. ಶಕ್ತಿ ಅಂದಿರಲ್ಲ ಸ್ವಾಮಿ, ಅದೂ ಒಂದು ಗುಣವೇ. ಹಾಗಾದರೆ ಗುಣವಿದೆ ಎಂದು ಒಪ್ಪಿದಿರಿ ಅಂತ ಇವರು. ಅಲ್ಲಿಗೆ ಊಟದ ಹೊತ್ತಾಗಿರುತ್ತದೆ.