ಅಕ್ಕನ ಎಕೋ ರಿಪೋರ್ಟು

ಅಕ್ಕನ ರಿಪೋರ್ಟಲ್ಲಿ 'ಇಎಫ್ 60%' ಅಂತಿತ್ತು. ನೂರಕ್ಕೆ ಅರವತ್ತೇನಾ ಅಂತ ಅವ್ವ ಅಳೋಕೆ ಶುರು ಮಾಡಿದ್ಲು. ಇದು ಪರೀಕ್ಷೆ ಮಾರ್ಕ್ಸ್ ಅಲ್ಲವ್ವ ಅಂದೆ. ಹೃದಯದ ಎಡ ಕೆಳಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತೆ ಅನ್ನೋ ಲೆಕ್ಕ ಅದು. ಯಾರದ್ದೂ ನೂರಿರಲ್ಲ. ಅರವತ್ತು ಅಂದ್ರೆ ನಾರ್ಮಲ್.

ಹಾಗಾದ್ರೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಯಾಕೆ? ಉತ್ತರ ಕವಾಟದ ಸಾಲಲ್ಲಿತ್ತು: 'ರುಮ್ಯಾಟಿಕ್, ಸಿವಿಯರ್ ಮೈಟ್ರಲ್ ಸ್ಟೆನೋಸಿಸ್, 0.9 ಚದರ ಸೆಂ.ಮೀ.' ಆ ಕವಾಟದ ಬಾಯಿ 4ರಿಂದ 6 ಇರಬೇಕಿತ್ತು. ಕೋಣೆ ತನಗೆ ಬಂದಷ್ಟು ರಕ್ತವನ್ನ ಚೆನ್ನಾಗೇ ತಳ್ಳುತ್ತೆ. ಆದ್ರೆ ರಕ್ತ ಒಳಗೆ ಬರೋ ಬಾಗಿಲೇ ಕಿರಿದು. ಹಿಂದೆ ನಿಂತ ರಕ್ತ ಶ್ವಾಸಕೋಶವನ್ನ ಒತ್ತುತ್ತೆ. ಇದು ಇಎಫ್‌ನಲ್ಲಿ ಕಾಣಲ್ಲ.

ಈ ಕಾಯಿಲೆಯ ಬೇರು ಬಾಲ್ಯದ ಗಂಟಲು ಸೋಂಕಿನಲ್ಲಿದೆ. ಕೇರಿಯ ಒಂದೇ ಕೋಣೇಲಿ ನಾವು ಎಂಟು ಜನ ಮಲಗ್ತಿದ್ವಿ. ಒಬ್ಬರ ಕೆಮ್ಮು ಎಲ್ಲರದ್ದು. ಗಂಟಲು ನೋವಿಗೆ ಉಪ್ಪುನೀರೇ ಔಷಧಿ, ಪೆನ್ಸಿಲಿನ್ ಅಲ್ಲ.

ಮೊದಲು ತೋರಿಸಿದ ಕಡೆ "ಇಎಫ್ ನಾರ್ಮಲ್, ಗ್ಯಾಸ್ ಇರಬೇಕು" ಅಂತ ಕಳಿಸಿದ್ರು. ಈಗ ಬಲೂನ್ ಹಾಕಿ ಕವಾಟ ಅಗಲ ಮಾಡ್ಬಹುದಾ ಅಂತ ನೋಡ್ತಿದ್ದಾರೆ. ನಿಮ್ಮವರಿಗೂ ಹಾಗೇ ಅಂದ್ರೆ ಎದ್ದು ಬರಬೇಡಿ. ಕವಾಟದ ಸಾಲನ್ನೂ ಓದಿ ಹೇಳಿ ಸಾರ್ ಅಂತ ಕೇಳಿ.